ಜೆಐಟಿಯೋ, ಕಾನ್ಬಾನೋ, ಲೀನೋ? ಎರಡು ಸಾಲಿನ ವಿವರಣೆಯಿಂದ ಉತ್ತರ ಗುರುತಿಸುವ ಬಗೆ

ಎಂಬಿಎ, ಎಂ.ಕಾಂ. ಪರೀಕ್ಷೆಗಳಿಗೋ ಕೆ-ಸೆಟ್, ನೆಟ್‌ಗೋ ಓದುತ್ತಿರುವವರು ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಭಾಗದಲ್ಲಿ ಇಂಥ ಪ್ರಶ್ನೆಯನ್ನು ನೋಡಿಯೇ ಇರುತ್ತೀರಿ:

"ಮುಂದಿನ ವಿಭಾಗದಿಂದ ಖಾಲಿ ಡಬ್ಬಿಯ ಜೊತೆ ಕಾರ್ಡ್ ಬಂದ ಮೇಲಷ್ಟೇ ಹಿಂದಿನ ವಿಭಾಗ ಮಾಲು ತಯಾರಿಸುತ್ತದೆ. ಇದು ಯಾವುದರ ವಿವರಣೆ? ಎ) ಜಸ್ಟ್ ಇನ್ ಟೈಮ್ ಬಿ) ಕಾನ್ಬಾನ್ ಸಿ) ಲೀನ್ ಉತ್ಪಾದನೆ ಡಿ) ಎಂಆರ್‌ಪಿ."

ಎಂಆರ್‌ಪಿ ಮುನ್ನಂದಾಜಿನ ಮೇಲೆ ನಡೆಯುವ ಯೋಜನಾ ಪದ್ಧತಿ, ಹಾಗಾಗಿ ಡಿ ಅಲ್ಲ ಎಂಬುದು ಬೇಗ ಹೊಳೆಯುತ್ತದೆ. ಉಳಿದ ಮೂರರಲ್ಲಿ ಯಾವುದಕ್ಕೆ ಗುರುತು ಹಾಕಿದರೂ ಸರಿಯೇ ಅನ್ನಿಸುತ್ತದೆ. ಹಾಗೆ ಅನ್ನಿಸುವುದಕ್ಕೆ ಕಾರಣವಿದೆ. ಈ ಮೂರೂ ಪ್ರತಿಸ್ಪರ್ಧಿ ವಿಧಾನಗಳಲ್ಲ, ಒಂದರೊಳಗೆ ಒಂದು ಇರುವಂಥವು. ಲೀನ್ ಎಲ್ಲಕ್ಕಿಂತ ಹೊರಗಿನದು, ಇಡೀ ಉತ್ಪಾದನೆಯನ್ನು ನೋಡುವ ದೃಷ್ಟಿ. ಅದರೊಳಗೆ ಜಸ್ಟ್ ಇನ್ ಟೈಮ್ ಎಂಬ ಜೆಐಟಿ, ಅಂದರೆ ಯಾವುದು, ಎಷ್ಟು, ಯಾವಾಗ ಎಂಬುದರ ನಿಯಮ. ಅದರೊಳಗೆ ಕಾನ್ಬಾನ್, ಆ ನಿಯಮವನ್ನು ದಿನನಿತ್ಯ ನಡೆಸುವ ಸಂಕೇತ. ಹಾಗಾಗಿ "ಯಾವುದು ಸರಿ" ಎಂದು ಹುಡುಕುವ ಬದಲು "ಈ ವಿವರಣೆ ಯಾವ ಮಟ್ಟದಲ್ಲಿ ಮಾತಾಡುತ್ತಿದೆ" ಎಂದು ಕೇಳಿಕೊಂಡರೆ ಗೊಂದಲ ಬಹುಮಟ್ಟಿಗೆ ಕರಗುತ್ತದೆ.

ಮೊದಲು: ಮೂರೂ ಎಲ್ಲಿಂದ ಬಂದವು

ಹುಟ್ಟಿನ ಕ್ರಮ ಗೊತ್ತಿದ್ದರೆ ಮಟ್ಟಗಳು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ. ಬೇಕಾದ ಭಾಗ ಬೇಕಾದ ಹೊತ್ತಿಗಷ್ಟೇ ಬರಬೇಕು ಎಂಬ ವಿಚಾರವನ್ನು ಟೊಯೋಟಾ ಮೋಟರ್ ಕಂಪನಿ ಕಟ್ಟಿದ ಕೀಚಿರೋ ಟೊಯೋಡಾ 1930ರ ದಶಕದಲ್ಲೇ ಮುಂದಿಟ್ಟಿದ್ದರು. ಎರಡನೇ ಮಹಾಯುದ್ಧದ ನಂತರ ಅದನ್ನು ಕಾರ್ಖಾನೆಯ ನೆಲದಲ್ಲಿ ನಡೆಸಿ ತೋರಿಸಿದವರು ಎಂಜಿನಿಯರ್ ತೈಚಿ ಓನೋ. ಆಗ ಟೊಯೋಟಾದ ಬಳಿ ಹಣವೂ ಜಾಗವೂ ಕಡಿಮೆ, ಮಾರುಕಟ್ಟೆ ಸಣ್ಣದು, ಬೇಕಾದ ಮಾದರಿಗಳು ಹಲವು. ಅಮೆರಿಕದ ಕಾರ್ಖಾನೆಗಳಂತೆ ಒಂದೇ ಭಾಗವನ್ನು ರಾಶಿಗಟ್ಟಲೆ ಮಾಡಿ ಗೋದಾಮಿನಲ್ಲಿಡುವುದು ಅವರಿಗೆ ಸಾಧ್ಯವಿರಲಿಲ್ಲ.

ಓನೋ ಅವರಿಗೆ ದಾರಿ ತೋರಿಸಿದ್ದು ಅಮೆರಿಕದ ಸೂಪರ್‌ಮಾರ್ಕೆಟ್ಟಿನ ಕಲ್ಪನೆ. ಗಿರಾಕಿ ಕಪಾಟಿನಿಂದ ತನಗೆ ಬೇಕಾದಷ್ಟು ತೆಗೆದುಕೊಳ್ಳುತ್ತಾನೆ, ಅಂಗಡಿಯವರು ಖಾಲಿಯಾದಷ್ಟನ್ನೇ ತುಂಬುತ್ತಾರೆ. ಮುಂದಿನ ವಿಭಾಗವೇ ಗಿರಾಕಿ, ಹಿಂದಿನ ವಿಭಾಗವೇ ಅಂಗಡಿ ಎಂದು ಅವರು ಭಾವಿಸಿದರು. ಖಾಲಿಯಾದ ಸುದ್ದಿಯನ್ನು ಹಿಂದಕ್ಕೆ ಮುಟ್ಟಿಸಲು 1950ರ ದಶಕದಲ್ಲಿ ಕಾರ್ಡುಗಳನ್ನು ಬಳಕೆಗೆ ತಂದರು. ಅದೇ ಕಾನ್ಬಾನ್. ಲೀನ್ ಎಂಬ ಹೆಸರು ಬಂದದ್ದು ಬಹಳ ತಡವಾಗಿ, ಅದೂ ಜಪಾನಿನಿಂದಲ್ಲ. ಟೊಯೋಟಾದ ಇಡೀ ಪದ್ಧತಿಯನ್ನು ಹೊರಗಿನಿಂದ ಅಧ್ಯಯನ ಮಾಡಿದ ಅಮೆರಿಕದ ಎಂಐಟಿಯ ಸಂಶೋಧಕರ ತಂಡದಲ್ಲಿದ್ದ ಜಾನ್ ಕ್ರಾಫ್ಸಿಕ್ 1988ರ ತಮ್ಮ ಲೇಖನದಲ್ಲಿ ಆ ಹೆಸರಿಟ್ಟರು.

ಹೀಗೆ ವಿಚಾರ ಮೊದಲು, ಅದನ್ನು ನಡೆಸುವ ಕಾರ್ಡು ಆಮೇಲೆ, ಇಡೀ ಪದ್ಧತಿಗೆ ಹೊರಗಿನವರು ಕೊಟ್ಟ ಹೆಸರು ಕೊನೆಗೆ.

ಹಂತ 1: ಆಯ್ಕೆಗಳನ್ನು ಮುಚ್ಚಿ, ವಿವರಣೆಯ ಕರ್ತೃವನ್ನು ಹುಡುಕಿ

ಆಯ್ಕೆಗಳನ್ನು ಮೊದಲೇ ಓದಿದರೆ ಮನಸ್ಸು ಪರಿಚಿತ ಹೆಸರಿನ ಕಡೆಗೆ ವಾಲುತ್ತದೆ. ಆದ್ದರಿಂದ ಅವುಗಳ ಮೇಲೆ ಕೈಯಿಟ್ಟು ವಿವರಣೆಯನ್ನು ಮಾತ್ರ ಓದಿ. ಅದು ಯಾವುದರ ಬಗ್ಗೆ ಮಾತಾಡುತ್ತಿದೆ ಎಂದು ಒಂದೇ ಮಾತಿನಲ್ಲಿ ಹೇಳಿಕೊಳ್ಳಿ.

ಕೈಯಿಂದ ಮುಟ್ಟಬಹುದಾದ ಅಥವಾ ಕಣ್ಣಿಗೆ ಕಾಣುವ ಸೂಚನೆಯ ಬಗ್ಗೆ ಮಾತಾಡುತ್ತಿದ್ದರೆ ಉತ್ತರ ಕಾನ್ಬಾನ್. ಕಾರ್ಡು, ಖಾಲಿ ಡಬ್ಬಿ, ನೆಲದ ಮೇಲೆ ಬಣ್ಣ ಬಳಿದು ಗುರುತಿಸಿದ ಚೌಕ, ಎರಡು ಬಿನ್, ಪರದೆಯ ಮೇಲೆ ಮೂಡುವ ಸಂಕೇತ ಇವೆಲ್ಲ ಅದೇ ಜಾತಿ. ಸಮಯ ಮತ್ತು ಪ್ರಮಾಣದ ಬಗ್ಗೆ, ಅಂದರೆ "ಬೇಕಾದಾಗ, ಬೇಕಾದಷ್ಟು", "ಸಣ್ಣ ಲಾಟ್", "ದಿನಕ್ಕೆ ಹಲವು ಬಾರಿ ಪೂರೈಕೆ", "ದಾಸ್ತಾನು ಸೊನ್ನೆಯತ್ತ" ಎಂದಿದ್ದರೆ ಜೆಐಟಿ. ಗ್ರಾಹಕನಿಗೆ ಬೇಕಾದ ಮೌಲ್ಯ, ಎಲ್ಲ ಬಗೆಯ ವ್ಯರ್ಥ, ಇಡೀ ಸರಪಣಿ, ಇಡೀ ಸಂಸ್ಥೆ ಎಂಬ ಮಾತುಗಳಿದ್ದರೆ ಲೀನ್.

ಈ ಮೂರು ಗುರುತುಗಳನ್ನು ಬಾಯಿಪಾಠ ಮಾಡಿದರೆ ಸರಳ ಪ್ರಶ್ನೆಗಳು ದಾಟಿಹೋಗುತ್ತವೆ. ತಿರುಚಿದ ಪ್ರಶ್ನೆಗಳಿಗೆ ಅಷ್ಟು ಸಾಲದು. ಒಳಗಿನ ಚಲನೆ ಕಣ್ಣಮುಂದೆ ಬರಬೇಕು. ಅದಕ್ಕಾಗಿ ಒಂದೇ ಕಾರ್ಖಾನೆಯನ್ನು ಊಹಿಸಿಕೊಂಡು ಮೂರೂ ಮಟ್ಟದಲ್ಲಿ ನೋಡೋಣ.

ಹಂತ 2: ಕಾರ್ಡಿನ ಜೊತೆ ನಡೆದು ನೋಡಿ

ಆ ಕಾರ್ಖಾನೆಯ ವೆಲ್ಡಿಂಗ್ ವಿಭಾಗದಲ್ಲಿ ಬ್ರಾಕೆಟ್ ತಯಾರಾಗುತ್ತದೆ, ಅಸೆಂಬ್ಲಿ ವಿಭಾಗದಲ್ಲಿ ಅದು ವಾಹನಕ್ಕೆ ಸೇರುತ್ತದೆ. ಒಂದು ಡಬ್ಬಿಗೆ 15 ಬ್ರಾಕೆಟ್.

ಅಸೆಂಬ್ಲಿಯ ಕೆಲಸಗಾರ ಒಂದು ತುಂಬಿದ ಡಬ್ಬಿಯಿಂದ ಬ್ರಾಕೆಟ್ ತೆಗೆಯಲು ಶುರುಮಾಡುವಾಗ ಅದಕ್ಕೆ ಸಿಕ್ಕಿಸಿದ್ದ ವಿತ್‌ಡ್ರಾವಲ್ ಕಾರ್ಡನ್ನು ಬಿಡಿಸಿ ಇಡುತ್ತಾನೆ. ಆ ಕಾರ್ಡನ್ನೂ ಒಂದು ಖಾಲಿ ಡಬ್ಬಿಯನ್ನೂ ಹಿಡಿದು ಸಾಗಣೆಯವನು ವೆಲ್ಡಿಂಗ್ ವಿಭಾಗದ ಬಳಿ ಹೋಗುತ್ತಾನೆ. ಅಲ್ಲಿ ತುಂಬಿ ನಿಂತಿರುವ ಡಬ್ಬಿಗೆ ಬೇರೊಂದು ಕಾರ್ಡು ಇರುತ್ತದೆ, ಅದು ಪ್ರೊಡಕ್ಷನ್ ಕಾರ್ಡು. ಅದನ್ನು ಬಿಡಿಸಿ ವೆಲ್ಡಿಂಗ್ ವಿಭಾಗದ ಬೋರ್ಡಿಗೆ ತೂಗುಹಾಕಿ, ತಾನು ತಂದ ವಿತ್‌ಡ್ರಾವಲ್ ಕಾರ್ಡನ್ನು ಡಬ್ಬಿಗೆ ಸಿಕ್ಕಿಸಿ, ಡಬ್ಬಿಯನ್ನು ಅಸೆಂಬ್ಲಿಗೆ ಒಯ್ಯುತ್ತಾನೆ. ಬೋರ್ಡಿನಲ್ಲಿ ತೂಗುತ್ತಿರುವ ಕಾರ್ಡೇ ವೆಲ್ಡರ್‌ಗೆ ಅಪ್ಪಣೆ: ಇನ್ನೊಂದು ಡಬ್ಬಿ, ಅಂದರೆ 15 ಬ್ರಾಕೆಟ್, ಮಾಡು. ಬೋರ್ಡು ಖಾಲಿಯಿದ್ದರೆ ಯಂತ್ರ ಬಿಡುವಾಗಿದ್ದರೂ ಮಾಡುವಂತಿಲ್ಲ.

ಪ್ರಶ್ನೆಗಳು ಹುಟ್ಟುವುದು ಇಲ್ಲಿಂದಲೇ. "ಒಂದು ಕಾರ್ಯಕೇಂದ್ರದಿಂದ ಇನ್ನೊಂದಕ್ಕೆ ಮಾಲು ಸಾಗಿಸಲು ಅಧಿಕಾರ ಕೊಡುವ ಕಾರ್ಡು" ಎಂದರೆ ವಿತ್‌ಡ್ರಾವಲ್. "ತಯಾರಿಕೆಗೆ ಅಧಿಕಾರ ಕೊಡುವುದು" ಎಂದರೆ ಪ್ರೊಡಕ್ಷನ್. ಸಾಗಿಸು, ಮಾಡು ಎಂಬ ಎರಡು ಕ್ರಿಯಾಪದಗಳಲ್ಲೇ ಉತ್ತರವಿರುತ್ತದೆ. ಕಾರ್ಡಿನ ಸೂಚನೆ ಹಿಂದಕ್ಕೆ ಹೋಗುತ್ತದೆ, ಮಾಲು ಮುಂದಕ್ಕೆ ಬರುತ್ತದೆ ಎಂಬುದನ್ನೂ ಗಮನಿಸಿ. ಎರಡೂ ಒಂದೇ ದಿಕ್ಕಿಗೆ ಸಾಗುತ್ತವೆ ಎಂಬ ಹೇಳಿಕೆ ತಪ್ಪು. ದೋಷವಿರುವ ಮಾಲನ್ನು ಮುಂದಕ್ಕೆ ಕಳಿಸಬಾರದು ಎಂಬುದೂ ಟೊಯೋಟಾದ ಕಾನ್ಬಾನ್ ನಿಯಮಗಳಲ್ಲೊಂದು. 15ರಲ್ಲಿ ಎರಡು ಕೆಟ್ಟಿದ್ದರೆ ಅಸೆಂಬ್ಲಿ ನಿಲ್ಲುತ್ತದೆ, ಏಕೆಂದರೆ ಪಕ್ಕದಲ್ಲಿ ಹೆಚ್ಚುವರಿ ರಾಶಿ ಇರುವುದಿಲ್ಲ.

ಕಾರ್ಡೇ ಇರಬೇಕೆಂದಿಲ್ಲ. ಮನೆಯಲ್ಲಿ ಎರಡು ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು, ಒಂದು ಖಾಲಿಯಾದ ಕೂಡಲೇ ಬುಕ್ ಮಾಡಿ, ಬರುವವರೆಗೆ ಇನ್ನೊಂದರಲ್ಲಿ ಅಡುಗೆ ಮಾಡುತ್ತೇವಲ್ಲ, ಎರಡು ಬಿನ್ ಪದ್ಧತಿ ನಡೆಯುವುದು ಹಾಗೆಯೇ. ಖಾಲಿಯಾದದ್ದೇ ಸೂಚನೆ.

ಈಗ ಲೆಕ್ಕ. ಕಾರ್ಡುಗಳ ಸಂಖ್ಯೆ ಕಂಡುಹಿಡಿಯುವ ಪ್ರಶ್ನೆ ಆಗಾಗ ಬರುತ್ತದೆ. ಸೂತ್ರ ಹೀಗಿದೆ:

```
N = D × L × (1 + S) / C
```

D ಎಂದರೆ ಬೇಡಿಕೆಯ ದರ, L ಎಂದರೆ ಒಂದು ಡಬ್ಬಿ ಮತ್ತೆ ತುಂಬಿ ಬರಲು ಬೇಕಾದ ಸಮಯ, S ಎಂದರೆ ಸುರಕ್ಷತೆಗೆ ಇಟ್ಟ ಹೆಚ್ಚುವರಿ ಪಾಲು, C ಎಂದರೆ ಡಬ್ಬಿಯ ಅಳತೆ. ನಮ್ಮ ಅಸೆಂಬ್ಲಿಗೆ 8 ಗಂಟೆಯ ಪಾಳಿಯಲ್ಲಿ 960 ಬ್ರಾಕೆಟ್ ಬೇಕು, ಡಬ್ಬಿ ತುಂಬಿ ಬರಲು 30 ನಿಮಿಷ, ಸುರಕ್ಷತೆಗೆ ಶೇ. 10 ಎಂದಿಟ್ಟುಕೊಳ್ಳಿ. ಮೊದಲು ಎರಡನ್ನೂ ಒಂದೇ ಮಾನಕ್ಕೆ ತನ್ನಿ: ಗಂಟೆಗೆ 120 ಬ್ರಾಕೆಟ್, ಸಮಯ 0.5 ಗಂಟೆ. 120 × 0.5 × 1.1 ಎಂದರೆ 66. ಅದನ್ನು 15ರಿಂದ ಭಾಗಿಸಿದರೆ 4.4. ಅರ್ಧ ಕಾರ್ಡು ಎಂಬುದಿಲ್ಲ, ಹಾಗಾಗಿ ಮೇಲಕ್ಕೆ ಪೂರ್ಣಗೊಳಿಸಿ 5 ಕಾರ್ಡು. 4 ಎಂದು ಕೆಳಕ್ಕೆ ಇಳಿಸಿದರೆ ಸುರಕ್ಷತೆಯ ಪಾಲು ಹೋಗಿಬಿಡುತ್ತದೆ. ಬೇಡಿಕೆ ದಿನದ ಲೆಕ್ಕದಲ್ಲಿ, ಸಮಯ ಗಂಟೆಯ ಲೆಕ್ಕದಲ್ಲಿ ಕೊಟ್ಟಿದ್ದಾರೆಯೇ ಎಂದು ಯಾವಾಗಲೂ ನೋಡಿಕೊಳ್ಳಿ. ತಪ್ಪು ಮಾನದಲ್ಲಿ ಲೆಕ್ಕ ಹಾಕಿದಾಗ ಬರುವ ಸಂಖ್ಯೆಯೂ ಆಯ್ಕೆಗಳಲ್ಲಿ ಇರಬಹುದು.

5 ಕಾರ್ಡು, 15ರ ಡಬ್ಬಿ. ಅಂದರೆ ಈ ಎರಡು ವಿಭಾಗಗಳ ನಡುವೆ ಎಂದೂ 75ಕ್ಕಿಂತ ಹೆಚ್ಚು ಬ್ರಾಕೆಟ್ ಇರಲಾರದು. ಕಾರ್ಡುಗಳ ಸಂಖ್ಯೆಯೇ ಅರೆತಯಾರಾದ ಮಾಲಿಗೆ ಮಿತಿ ಹಾಕುತ್ತದೆ. "ಕೆಲಸದ ನಡುವಿನ ದಾಸ್ತಾನಿನ ಗರಿಷ್ಠ ಮಿತಿಯನ್ನು ಇದು ನಿಗದಿಪಡಿಸುತ್ತದೆ" ಎಂಬ ವಿವರಣೆಯಲ್ಲಿ ಕಾರ್ಡು ಎಂಬ ಶಬ್ದವೇ ಇಲ್ಲದಿದ್ದರೂ ಉತ್ತರ ಕಾನ್ಬಾನ್ ಆಗುವುದು ಇದೇ ಕಾರಣಕ್ಕೆ.

ಮೇಲ್ವಿಚಾರಕ ಬೇಕೆಂದೇ ಒಂದು ಕಾರ್ಡನ್ನು ತೆಗೆದ ಅಂದುಕೊಳ್ಳಿ. ಈಗ ಇರುವುದು 60 ಬ್ರಾಕೆಟ್, ಅರ್ಧ ಗಂಟೆಯ ಬೇಡಿಕೆಗೆ ಸರಿಯಾಗಿ ಅಷ್ಟೇ. ವೆಲ್ಡಿಂಗ್ ಸ್ವಲ್ಪ ತಡವಾದರೂ ಅಸೆಂಬ್ಲಿ ನಿಲ್ಲುತ್ತದೆ. ಏಕೆ ತಡವಾಯಿತು ಎಂಬ ಕಾರಣ ಆಗ ಬಯಲಿಗೆ ಬರುತ್ತದೆ. ಅದನ್ನು ಸರಿಪಡಿಸಿ, ಇನ್ನೊಂದು ಕಾರ್ಡು ತೆಗೆಯುತ್ತಾರೆ. "ದಾಸ್ತಾನು ಇಳಿಸಿದಂತೆ ಅಡಗಿದ್ದ ಸಮಸ್ಯೆಗಳು ಕಾಣಿಸುತ್ತವೆ" ಎಂದು ಪ್ರಶ್ನೆಗಳು ಹೇಳುವುದು ಇದನ್ನೇ. ಆ ವಾಕ್ಯದಲ್ಲಿ ಕಾರ್ಡಿನ ಮಾತಿಲ್ಲ, ದಾಸ್ತಾನಿನ ಮಾತಿದೆ. ಆದ್ದರಿಂದ ಅಲ್ಲಿ ಸಾಮಾನ್ಯವಾಗಿ ಅಪೇಕ್ಷಿತ ಉತ್ತರ ಜೆಐಟಿ.

ಹಂತ 3: ಸಮಯ ಎಲ್ಲಿಂದ ಉಳಿಯಿತು ಎಂದು ಕೇಳಿ

ಅದೇ ವೆಲ್ಡಿಂಗ್ ವಿಭಾಗಕ್ಕೆ ವಾಪಸ್ ಬನ್ನಿ. 30 ನಿಮಿಷವನ್ನು 15ಕ್ಕೆ ಇಳಿಸಿದರೆ ಏನಾಗುತ್ತದೆ? 120 × 0.25 × 1.1 ಎಂದರೆ 33, ಅದನ್ನು 15ರಿಂದ ಭಾಗಿಸಿದರೆ 2.2, ಅಂದರೆ 3 ಕಾರ್ಡು. ಗರಿಷ್ಠ ದಾಸ್ತಾನು 75ರಿಂದ 45ಕ್ಕೆ ಇಳಿಯಿತು. ಕಾರ್ಡು ಬರೀ ಸುದ್ದಿ ಮುಟ್ಟಿಸಿತು. ದಾಸ್ತಾನು ಇಳಿದದ್ದು ಸಮಯ ಇಳಿದದ್ದರಿಂದ. ಆ ಸಮಯವನ್ನು ಇಳಿಸುವ ಕೆಲಸವೆಲ್ಲ ಜೆಐಟಿಯ ಮಟ್ಟದ್ದು.

ಅದರಲ್ಲಿ ಮುಖ್ಯವಾದದ್ದು ಸೆಟಪ್. ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಯಂತ್ರವನ್ನು ಬದಲಿಸಲು ಗಂಟೆಗಟ್ಟಲೆ ಹಿಡಿದರೆ ಯಾರೂ 15ರ ಲಾಟ್ ಮಾಡಲಾರರು, ಒಮ್ಮೆ ಕೂರಿಸಿದ ಮೇಲೆ ಸಾವಿರ ಮಾಡಿಯೇ ಇಳಿಸುತ್ತಾರೆ. ನೀವು ಓದಿರುವ ಇಒಕ್ಯೂ ಸೂತ್ರದಲ್ಲಿ ಲಾಟ್ ಗಾತ್ರ ಸೆಟಪ್ ಖರ್ಚಿನ ವರ್ಗಮೂಲಕ್ಕೆ ಅನುಗುಣವಾಗಿದೆ. ಸೆಟಪ್ ಖರ್ಚು ನಾಲ್ಕನೇ ಒಂದಕ್ಕೆ ಇಳಿದರೆ ಲಾಟ್ ಅರ್ಧಕ್ಕೆ ಇಳಿಯುತ್ತದೆ. ಇಒಕ್ಯೂ ಸೆಟಪ್ ಖರ್ಚನ್ನು ಇದ್ದಂತೆ ಒಪ್ಪಿಕೊಂಡು ಲೆಕ್ಕ ಹಾಕುತ್ತದೆ, ಜೆಐಟಿ ಆ ಖರ್ಚನ್ನೇ ಇಳಿಸಲು ಹೊರಡುತ್ತದೆ. ಶಿಗೆಯೋ ಶಿಂಗೋ ರೂಪಿಸಿದ ಎಸ್‌ಎಂಇಡಿ ವಿಧಾನದ ಗುರಿ ಈ ಬದಲಾವಣೆಯನ್ನು ಹತ್ತು ನಿಮಿಷದೊಳಗೆ, ಒಂದಂಕಿಯ ನಿಮಿಷಗಳಲ್ಲಿ, ಮುಗಿಸುವುದು.

ಪೂರೈಕೆದಾರರ ವಿಷಯದಲ್ಲೂ ಬಲೆ ಇದೆ. ದಾಸ್ತಾನು ಕಡಿಮೆ ಇರುವಾಗ ಅಪಾಯ ತಪ್ಪಿಸಲು ಹೆಚ್ಚು ಪೂರೈಕೆದಾರರು ಬೇಕು ಎಂದು ತರ್ಕ ಹೇಳಬಹುದು. ಜೆಐಟಿಯ ನಿಲುವು ಅದಲ್ಲ. ಕಡಿಮೆ ಪೂರೈಕೆದಾರರು, ಹತ್ತಿರದವರು, ದೀರ್ಘಕಾಲದ ಒಪ್ಪಂದ, ಸಣ್ಣ ಪ್ರಮಾಣದಲ್ಲಿ ಪದೇಪದೇ ಪೂರೈಕೆ. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯ ಸುತ್ತ ಬಿಡಿಭಾಗ ಮಾಡುವ ಘಟಕಗಳು ನೆಲೆಯೂರಿರುವುದನ್ನು ನೋಡಿದರೆ "ಹತ್ತಿರದವರು" ಎಂಬ ಮಾತಿನ ಅರ್ಥ ಸ್ಪಷ್ಟವಾಗುತ್ತದೆ.

ಈ ನಿಲುವಿಗೆ ಬೆಲೆಯೂ ಇದೆ. 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಸೇಕಿ ಕಂಪನಿಯ ಘಟಕಕ್ಕೆ ಬೆಂಕಿ ಬಿತ್ತು. ಟೊಯೋಟಾ ವಾಹನಗಳ ಬ್ರೇಕಿಗೆ ಬೇಕಾದ ಪಿ-ವಾಲ್ವ್ ಎಂಬ ಸಣ್ಣ ಭಾಗ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಟೊಯೋಟಾದ ಬಳಿ ತೀರಾ ಕಡಿಮೆ ದಾಸ್ತಾನಿತ್ತು. ಜಪಾನಿನಲ್ಲಿ ಅದರ ಅಸೆಂಬ್ಲಿ ಸಾಲುಗಳು ನಿಂತವು. ಬೇರೆ ಹತ್ತಾರು ಪೂರೈಕೆದಾರರು ನಕ್ಷೆಗಳನ್ನು ತರಿಸಿಕೊಂಡು ತಮ್ಮ ಯಂತ್ರಗಳಲ್ಲೇ ಆ ವಾಲ್ವ್ ಮಾಡಿಕೊಟ್ಟಿದ್ದರಿಂದ ಕೆಲವೇ ದಿನಗಳಲ್ಲಿ ಉತ್ಪಾದನೆ ಮತ್ತೆ ಶುರುವಾಯಿತು. ಪೂರೈಕೆ ಕಡಿದರೆ ಇಡೀ ಸಾಲು ನಿಲ್ಲುತ್ತದೆ ಎಂಬುದು ಜೆಐಟಿಯ ಮುಖ್ಯ ದೌರ್ಬಲ್ಯ ಎಂದು ಕೇಳಿದರೆ ಈ ಪ್ರಕರಣ ನೆನಪಾಗಲಿ. ದೀರ್ಘಕಾಲದ ಸಂಬಂಧ ಏಕೆ ಬೇಕು ಎಂಬುದಕ್ಕೂ ಇದೇ ಉದಾಹರಣೆ.

ಜೆಐಟಿಯನ್ನು ಎಂಆರ್‌ಪಿಯಿಂದ ಬೇರ್ಪಡಿಸುವುದು ಸುಲಭ. ಮುನ್ನಂದಾಜು ಮತ್ತು ಮಾಸ್ಟರ್ ಶೆಡ್ಯೂಲ್ ಆಧರಿಸಿ ಮಾಲನ್ನು ಮುಂದಕ್ಕೆ ತಳ್ಳಿದರೆ ಅದು ಪುಶ್, ಎಂಆರ್‌ಪಿಯ ದಾರಿ. ಮುಂದಿನ ಹಂತದ ಬಳಕೆಯೇ ಹಿಂದಿನ ಹಂತವನ್ನು ಎಬ್ಬಿಸಿದರೆ ಪುಲ್, ಜೆಐಟಿಯ ದಾರಿ.

ಹಂತ 4: ಗ್ರಾಹಕನ ಹೆಸರು ಬಂದರೆ ಮಟ್ಟ ಏರಿಸಿ

ವೆಲ್ಡಿಂಗಿನ ಆ 30 ನಿಮಿಷದಲ್ಲಿ ನಿಜವಾಗಿ ವೆಲ್ಡಿಂಗ್ ನಡೆದದ್ದು 8 ನಿಮಿಷ, ಉಳಿದದ್ದು ಡಬ್ಬಿ ಸರದಿಗೆ ಕಾದದ್ದು, ಬೋಲ್ಟ್ ಹುಡುಕಿದ್ದು, ಟ್ರಾಲಿ ಶೆಡ್ಡಿನ ಆ ತುದಿಯಿಂದ ಬಂದದ್ದು ಎಂದು ಯಾರೋ ಅಳೆದರು ಅನ್ನಿ. ಹೀಗೆ ಅಳೆದು, ಇದರಲ್ಲಿ ಯಾವುದಕ್ಕೆ ಗ್ರಾಹಕ ಹಣ ಕೊಡುತ್ತಾನೆ ಎಂದು ಕೇಳುವುದೇ ಲೀನ್. ಆ ಪ್ರಶ್ನೆ ವೆಲ್ಡಿಂಗಿಗೆ ನಿಲ್ಲುವುದಿಲ್ಲ. ವಿನ್ಯಾಸ, ಖರೀದಿ, ಬಿಲ್ಲಿಂಗ್, ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೂ ಹೋಗುತ್ತದೆ. ದಾಸ್ತಾನೇ ಇಲ್ಲದ ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಅನಗತ್ಯ ಹಂತಗಳನ್ನು ತೆಗೆದ ವಿವರಣೆ ಬಂದರೆ ಲೀನ್ ಎನ್ನಲು ಹಿಂಜರಿಯಬೇಡಿ.

ಓನೋ ಪಟ್ಟಿ ಮಾಡಿದ ವ್ಯರ್ಥಗಳು ಏಳು: ಅತಿ ಉತ್ಪಾದನೆ, ಕಾಯುವಿಕೆ, ಸಾಗಣೆ, ಅನಗತ್ಯ ಸಂಸ್ಕರಣೆ, ದಾಸ್ತಾನು, ಅನಗತ್ಯ ಚಲನೆ, ದೋಷ. ಇವುಗಳಲ್ಲಿ ಅವರು ಅತಿ ಉತ್ಪಾದನೆಯನ್ನು ಎಲ್ಲಕ್ಕಿಂತ ಕೆಟ್ಟದ್ದೆಂದು ಕಂಡರು, ಏಕೆಂದರೆ ಬೇಡದ್ದನ್ನು ಮಾಡಿದರೆ ಅದನ್ನು ಇಡಬೇಕು, ಸಾಗಿಸಬೇಕು, ಅದರೊಳಗಿನ ದೋಷವೂ ತಿಂಗಳ ನಂತರ ಕಾಣುತ್ತದೆ. ಪರೀಕ್ಷೆಯಲ್ಲಿ ತಡವರಿಸುವುದು ಸಾಗಣೆ ಮತ್ತು ಚಲನೆಯ ನಡುವೆ. ಮಾಲು ಓಡಾಡಿದರೆ ಸಾಗಣೆ, ಮನುಷ್ಯ ಬಗ್ಗಿ, ತಿರುಗಿ, ನಡೆದರೆ ಚಲನೆ. ಕೆಲಸಗಾರನ ಬುದ್ಧಿಯನ್ನು ಬಳಸದಿರುವುದು ಎಂಟನೆಯದಾಗಿ ಆಮೇಲೆ ಸೇರಿದ್ದು, ಟೊಯೋಟಾದ ಮೂಲ ಪಟ್ಟಿಯಲ್ಲಿ ಅದಿಲ್ಲ.

ಲೀನ್‌ನ ಐದು ತತ್ವಗಳ ಕ್ರಮವನ್ನೂ ಕೇಳುತ್ತಾರೆ: ಮೌಲ್ಯ, ಮೌಲ್ಯ ಸರಣಿ, ಹರಿವು, ಪುಲ್, ಪರಿಪೂರ್ಣತೆ. ಪುಲ್ ಇಲ್ಲಿ ನಾಲ್ಕನೆಯ ತತ್ವವಾಗಿ ಒಳಗೆ ಕೂತಿದೆ, ನೋಡಿ. ಜೆಐಟಿ ಲೀನ್‌ನ ಒಳಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಂತ 5: ಎರಡು ಸರಿ ಅನ್ನಿಸಿದರೆ ಒಳಗಿನದನ್ನು ಹಿಡಿಯಿರಿ, ಒಂದು ಷರತ್ತಿನ ಮೇಲೆ

ವಿವರಣೆಯ ಪ್ರತಿಯೊಂದು ಮಾತನ್ನೂ ಒಳಗೊಳ್ಳುವ ಆಯ್ಕೆಗಳಲ್ಲಿ ಅತಿ ಕಿರಿದಾದದ್ದೇ ಉತ್ತರ. ಯಾವುದಾದರೂ ಒಂದು ಮಾತು ಹೊರಗುಳಿದರೆ ಒಂದು ಮಟ್ಟ ಮೇಲೆ ಹೋಗಬೇಕು. ಮೂರು ಪ್ರಶ್ನೆಗಳಲ್ಲಿ ಇದನ್ನು ಬಳಸಿ ನೋಡೋಣ.

"ಪೂರೈಕೆದಾರ ದಿನಕ್ಕೆ ನಾಲ್ಕು ಬಾರಿ, ಆ ಪಾಳಿಗೆ ಬೇಕಾದಷ್ಟೇ ಟೈರುಗಳನ್ನು ನೇರವಾಗಿ ಅಸೆಂಬ್ಲಿ ಸಾಲಿಗೆ ತಲುಪಿಸುತ್ತಾನೆ." ಕಾನ್ಬಾನ್ ಎನ್ನೋಣವೇ? ಸೂಚನೆಯ ಮಾತೇ ಇಲ್ಲ, ಹೇಳಿರುವುದು ಸಮಯ ಮತ್ತು ಪ್ರಮಾಣ. ಲೀನ್ ಎಂದರೂ ಸುಳ್ಳಲ್ಲ, ಆದರೆ ಅಷ್ಟು ಅಗಲ ಬೇಕಿಲ್ಲ. ಉತ್ತರ ಜೆಐಟಿ.

"ದೋಷ, ಕಾಯುವಿಕೆ, ಅನಗತ್ಯ ಚಲನೆ ಮತ್ತು ಹೆಚ್ಚುವರಿ ದಾಸ್ತಾನನ್ನು ತೆಗೆದು, ಗ್ರಾಹಕನಿಗೆ ಬೇಕಾದ ಮೌಲ್ಯವನ್ನು ಕಡಿಮೆ ಸಂಪನ್ಮೂಲದಲ್ಲಿ ನೀಡುವುದು." ದಾಸ್ತಾನು ಎಂಬ ಮಾತು ಜೆಐಟಿಯತ್ತ ಎಳೆಯುತ್ತದೆ. ಆದರೆ ಅನಗತ್ಯ ಚಲನೆ, ಗ್ರಾಹಕನ ಮೌಲ್ಯ ಎಂಬೆರಡು ಮಾತು ಜೆಐಟಿಯಲ್ಲಿ ಹಿಡಿಸುವುದಿಲ್ಲ. ಉತ್ತರ ಲೀನ್.

ಮೂರನೆಯದು ಹೆಚ್ಚು ಜಾಣತನದ್ದು. "ದಾರ ಕಡಿದ ತಕ್ಷಣ ಮಗ್ಗ ತಾನಾಗಿಯೇ ನಿಲ್ಲುತ್ತದೆ. ಈ ಕಲ್ಪನೆಯನ್ನು ಟೊಯೋಟಾ ತನ್ನ ಅಸೆಂಬ್ಲಿ ಸಾಲಿಗೂ ತಂದಿತು. ಇದು ಯಾವುದು? ಎ) ಜೆಐಟಿ ಬಿ) ಕಾನ್ಬಾನ್ ಸಿ) ಜಿಡೋಕಾ ಡಿ) ಹೈಜುಂಕಾ." ಅಸೆಂಬ್ಲಿ ಸಾಲಿನಲ್ಲಿ ದೋಷ ಕಂಡಾಗ ಎಳೆಯುವ ಹಗ್ಗ, ಹೊತ್ತಿಕೊಳ್ಳುವ ದೀಪ ಕಣ್ಣಿಗೆ ಕಾಣುವ ಸೂಚನೆಗಳೇ, ಹಾಗಾಗಿ ಹಂತ 1ರ ಗುರುತನ್ನಷ್ಟೇ ನಂಬಿದವರು ಬಿ ಎಂದು ಬರೆದುಬಿಡಬಹುದು. ಸೂಚನೆ ಏನು ಹೇಳುತ್ತಿದೆ ಎಂದು ಇನ್ನೊಮ್ಮೆ ನೋಡಿ. ಕಾನ್ಬಾನ್ "ಮಾಡು" ಅಥವಾ "ಸಾಗಿಸು" ಎನ್ನುತ್ತದೆ. ಇದು "ದೋಷವಿದೆ, ನಿಲ್ಲು" ಎನ್ನುತ್ತಿದೆ. ಸಾಕಿಚಿ ಟೊಯೋಡಾ ಅವರ ಸ್ವಯಂಚಾಲಿತ ಮಗ್ಗದಿಂದ ಬಂದ ಈ ಗುಣಮಟ್ಟದ ಕಲ್ಪನೆ ಜಿಡೋಕಾ. ಟೊಯೋಟಾ ಪದ್ಧತಿಯ ಎರಡು ಕಂಬಗಳಲ್ಲಿ ಜೆಐಟಿ ಒಂದಾದರೆ ಇದು ಇನ್ನೊಂದು. ಉತ್ತರ ಸಿ. ಡಿ ಆಯ್ಕೆಯ ಹೈಜುಂಕಾ ಎಂದರೆ ಸೋಮವಾರವಿಡೀ ಒಂದೇ ಮಾದರಿ, ಮಂಗಳವಾರವಿಡೀ ಇನ್ನೊಂದು ಎಂದು ಮಾಡದೆ, ಪ್ರತಿದಿನವೂ ಎಲ್ಲ ಮಾದರಿಗಳನ್ನು ಬೆರೆಸಿ ಸಮವಾಗಿ ಹಂಚಿ ಮಾಡುವುದು. ಅದಿಲ್ಲದಿದ್ದರೆ ನಮ್ಮ ವೆಲ್ಡಿಂಗ್ ಬೋರ್ಡಿನಲ್ಲಿ ಒಂದು ದಿನ ಹತ್ತಾರು ಕಾರ್ಡು ಒಟ್ಟಿಗೆ ತೂಗುತ್ತವೆ, ಮರುದಿನ ಒಂದೂ ಇರುವುದಿಲ್ಲ, ಸೂತ್ರದಲ್ಲಿ D ಎಂದು ಬರೆದ ಗಂಟೆಗೆ 120 ಎಂಬ ಸಂಖ್ಯೆಗೂ ಅರ್ಥವಿರುವುದಿಲ್ಲ.